ಮಾಲು ಒಂದೇ, ಲಾಭ ಎರಡು: ಏರುವ ದರದಲ್ಲಿ ಫಿಫೋ ಮತ್ತು ಆವರೇಜ್

ಪ್ರಶ್ನೆ: ಗಂಗಾವತಿಯಲ್ಲಿ ಭತ್ತ ಕೊಂಡು ಗೋದಾಮಿನಲ್ಲಿಟ್ಟು ಮಿಲ್ಲಿನವರಿಗೆ ಮಾರೋ ವ್ಯಾಪಾರ ನಮ್ಮದು ಸರ್. ವರ್ಷಪೂರ್ತಿ ದರ ಏರ್ತಾನೇ ಹೋತು. ನಮ್ಮ ಲೆಕ್ಕದವರು ಸ್ಟಾಕಿಗೆ ಆವರೇಜ್ ಹಿಡೀತಾರ. ಬಿ.ಕಾಂ ಓದೋ ಮಗ, ಫಿಫೋ ಹಿಡಿದ್ರ ಲಾಭ ಹೆಚ್ಚುಕಡಿಮೆ ಒಂದು ಲಕ್ಷ ಜಾಸ್ತಿ ಬರ್ತದ ಅಂತಾನ. ಮಾಲೂ ಅದೇ, ಮಾರಿದ್ದೂ ಅದೇ, ಬಂದ ದುಡ್ಡೂ ಅದೇ. ಲಾಭ ಹೆಂಗ ಎರಡು ಆಗ್ತದ? ಯಾವುದು ಖರೇ? ಈ ವರ್ಷದಿಂದ ಫಿಫೋಕ್ಕ ಬದಲಾಯಿಸಬಹುದಾ?

ಉತ್ತರ: ಎರಡೂ ಖರೇ. ನಿಮ್ಮ ಮಗನ ಲೆಕ್ಕದಲ್ಲೂ ತಪ್ಪಿಲ್ಲ. ಆದರೆ ಅವರು ಹೇಳುವ ಆ ಲಕ್ಷ ನಿಮ್ಮ ಗಲ್ಲಾಪೆಟ್ಟಿಗೆಗೆ ಬಂದಿಲ್ಲ, ಗೋದಾಮಿನಲ್ಲಿ ಚೀಲದ ರೂಪದಲ್ಲಿ ಕೂತಿದೆ. ಅದೂ ಬಹುಪಾಲು ಒಂದೇ ವರ್ಷಕ್ಕೆ ಕಾಣುವ ಲಾಭ. ಬದಲಾಯಿಸಬೇಡಿ ಎಂಬುದೇ ನನ್ನ ಸಲಹೆ. ಯಾಕೆ ಅನ್ನುವುದನ್ನು ಅಂಕಿಯಲ್ಲೇ ನೋಡೋಣ.

ನಮ್ಮ ಕಡೆಯ ರೂಢಿಯಂತೆ 75 ಕೆಜಿ ಚೀಲದ ಲೆಕ್ಕದಲ್ಲಿ ಒಂದು ವರ್ಷ ಹಾಕುತ್ತೇನೆ. ದರಗಳು ಉದಾಹರಣೆಗೆ ಹಾಕಿಕೊಂಡವು, ನಿಮ್ಮ ಖಾತೆಯ ದರ ಇಟ್ಟು ನೀವೇ ಮಾಡಿ ನೋಡಬಹುದು. ಏಪ್ರಿಲ್ 1ಕ್ಕೆ ಗೋದಾಮಿನಲ್ಲಿ 400 ಚೀಲ ಇತ್ತು, ಚೀಲಕ್ಕೆ 1,800 ರೂಪಾಯಿ. ಆಮೇಲೆ ಮೂರು ಸಲ ಖರೀದಿ ಆಯಿತು: 600 ಚೀಲ 1,900ಕ್ಕೆ, 600 ಚೀಲ 2,050ಕ್ಕೆ, 400 ಚೀಲ 2,200ಕ್ಕೆ. ಹಮಾಲಿ, ಲಾರಿ ಬಾಡಿಗೆ, ಮಾರುಕಟ್ಟೆ ಶುಲ್ಕ ಎಲ್ಲ ಆ ದರದೊಳಗೇ ಸೇರಿದೆ ಎಂದಿಟ್ಟುಕೊಳ್ಳಿ. ಮಾಲು ಗೋದಾಮಿನ ಬಾಗಿಲು ಮುಟ್ಟುವವರೆಗಿನ ಖರ್ಚು ಮಾಲಿನ ಬೆಲೆಗೆ ಸೇರುತ್ತದೆ. ಒಳಗೆ ಇಟ್ಟ ಮೇಲಿನ ಗೋದಾಮು ಬಾಡಿಗೆ, ಬ್ಯಾಂಕ್ ಬಡ್ಡಿ ಸೇರುವುದಿಲ್ಲ. ಒಟ್ಟು 2,000 ಚೀಲ, ಕೊಟ್ಟ ಬೆಲೆ 39,70,000.

ಮಾರಾಟವೂ ಮೂರು ಕಂತು. ಮೊದಲ ಖರೀದಿಯಾದ ಮೇಲೆ 700 ಚೀಲ 2,050ಕ್ಕೆ ಹೋಯಿತು, ಎರಡನೆಯದಾದ ಮೇಲೆ 600 ಚೀಲ 2,200ಕ್ಕೆ, ಮೂರನೆಯದಾದ ಮೇಲೆ 200 ಚೀಲ 2,350ಕ್ಕೆ. ಒಟ್ಟು 1,500 ಚೀಲಕ್ಕೆ ಬಂದ ಹಣ 32,25,000. ಮಾರ್ಚ್ 31ಕ್ಕೆ 500 ಚೀಲ ಉಳಿಯಿತು.

ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ಕೊಟ್ಟ 39,70,000 ರೂಪಾಯಿಯಲ್ಲಿ ಮಾರಿಹೋದ 1,500 ಚೀಲದ ಪಾಲು ಎಷ್ಟು, ಉಳಿದ 500 ಚೀಲದ ಪಾಲು ಎಷ್ಟು ಎಂದು ಹಂಚುವಾಗ ದಾರಿ ಎರಡಾಗುತ್ತದೆ.

ಫಿಫೋ ಎಂದರೆ ಮೊದಲು ಬಂದದ್ದು ಮೊದಲು ಹೋಯಿತು ಎಂದು ಹಿಡಿಯುವುದು. ಹಾಗಾದರೆ ಉಳಿದದ್ದು ಕೊನೆಗೆ ಬಂದ ಮಾಲು: 2,200ರ 400 ಚೀಲ, 2,050ರ 100 ಚೀಲ. ಕ್ಲೋಸಿಂಗ್ ಸ್ಟಾಕ್ 10,85,000. ಮಾರಿದ ಮಾಲಿನ ಅಸಲು 28,85,000. ಗ್ರಾಸ್ ಲಾಭ 3,40,000.

ಆವರೇಜ್‌ನಲ್ಲಿ ಒಟ್ಟು ಬೆಲೆಯನ್ನು ಒಟ್ಟು ಚೀಲಕ್ಕೆ ಭಾಗಿಸುತ್ತೀರಿ, ಚೀಲಕ್ಕೆ 1,985 ಬೀಳುತ್ತದೆ. ನಾಲ್ಕು ದರಗಳನ್ನು ಕೂಡಿಸಿ ನಾಲ್ಕರಿಂದ ಭಾಗಿಸಿದರೆ 1,987.50 ಬರುತ್ತದೆ, ಅದು ತಪ್ಪು. ಯಾವ ದರಕ್ಕೆ ಎಷ್ಟು ಚೀಲ ಎಂಬ ತೂಕ ಸೇರಬೇಕು, ಅದಕ್ಕೇ ತೂಕದ ಸರಾಸರಿ ಎನ್ನುವುದು. ನಮ್ಮ ಅಂಕಿಯಲ್ಲಿ ವ್ಯತ್ಯಾಸ ಎರಡೂವರೆ ರೂಪಾಯಿಯಷ್ಟೇ ಬಂತು. ದುಬಾರಿ ಲಾಟು ತೀರ ಚಿಕ್ಕದಿದ್ದರೆ ಬಹಳ ದೂರ ಹೋಗುತ್ತದೆ. ಈ ಲೆಕ್ಕದಲ್ಲಿ ಕ್ಲೋಸಿಂಗ್ ಸ್ಟಾಕ್ 9,92,500, ಅಸಲು 29,77,500, ಗ್ರಾಸ್ ಲಾಭ 2,47,500.

ಎರಡರ ನಡುವಿನ ಅಂತರ 92,500. ನಿಮ್ಮ ಮಗ ಹೇಳಿದ ಲಕ್ಷ ಇಂಥದ್ದೇ. ಲಾಭದಲ್ಲಿ ಎಷ್ಟು ವ್ಯತ್ಯಾಸವಿದೆಯೋ ಕ್ಲೋಸಿಂಗ್ ಸ್ಟಾಕಿನಲ್ಲೂ ಅಷ್ಟೇ ಇದೆ, ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ದರ ಏರುವಾಗ ಫಿಫೋ ಹಳೆಯ ಅಗ್ಗದ ಬೆಲೆಯನ್ನು ಮಾರಾಟದ ಎದುರು ಇಡುತ್ತದೆ, ಹೊಸ ದುಬಾರಿ ಬೆಲೆಯನ್ನು ಗೋದಾಮಿನಲ್ಲಿ ಉಳಿಸುತ್ತದೆ. ಆವರೇಜ್ ಎರಡನ್ನೂ ಕಲಸಿಬಿಡುತ್ತದೆ.

ಹೆಚ್ಚು ಕಂಡ ಲಾಭ ಎಂಥದ್ದು ಅನ್ನುವುದಕ್ಕೆ ಕೊನೆಯ 200 ಚೀಲದ ಮಾರಾಟವನ್ನೇ ಹತ್ತಿರದಿಂದ ನೋಡಿ. ಫಿಫೋ ಪ್ರಕಾರ ಆ ಚೀಲಗಳ ಅಸಲು 2,050. ಮಾರಿದ್ದು 2,350ಕ್ಕೆ. ಚೀಲಕ್ಕೆ 300 ರೂಪಾಯಿ ಲಾಭ ಎಂದು ಪುಸ್ತಕ ಹೇಳುತ್ತದೆ. ಆದರೆ ಆ ಜಾಗ ತುಂಬಲು ಪೇಟೆಗೆ ಹೋದರೆ ಅದೇ ಭತ್ತ 2,200. ಅಂದರೆ ಕೊಂಡು ಮಾರುವ ವ್ಯಾಪಾರದಿಂದ ದಕ್ಕಿದ್ದು 150, ಉಳಿದ 150 ಮಾಲು ಕೈಯಲ್ಲಿದ್ದಾಗ ದರ ಏರಿದ್ದರಿಂದ ಬಂದದ್ದು. ಈ ಎರಡನೆಯ 150 ನಿಮ್ಮದೇ, ಸುಳ್ಳಲ್ಲ. ಆದರೆ ನಾಳೆಯೂ ಅಷ್ಟೇ ಚೀಲ ಗೋದಾಮಿನಲ್ಲಿ ಇರಬೇಕೆಂದರೆ ಅದು ವಾಪಸ್ ಭತ್ತಕ್ಕೇ ಹೋಗಬೇಕು. ಮನೆ ಖರ್ಚಿಗೋ ಸೈಟ್ ಕೊಳ್ಳಲಿಕ್ಕೋ ಅದನ್ನು ತೆಗೆದರೆ ಮುಂದಿನ ಸುಗ್ಗಿಗೆ ಅಷ್ಟೇ ದುಡ್ಡಿನಲ್ಲಿ ಕಡಿಮೆ ಚೀಲ ಬರುತ್ತದೆ. ಲಾಭ ಚೆನ್ನಾಗಿದೆ, ಕೈಯಲ್ಲಿ ಮಾತ್ರ ಕಾಸಿಲ್ಲ ಎಂದು ವರ್ಷವರ್ಷ ಗೊಣಗುವ ಸ್ಟಾಕಿಸ್ಟರ ಖಾತೆ ತೆಗೆದರೆ ನನಗೆ ಹೆಚ್ಚಾಗಿ ಸಿಗುವುದು ಇದೇ. ಆವರೇಜ್ ಹಿಡಿದರೂ ಈ ತೊಂದರೆ ಪೂರ್ತಿ ತಪ್ಪದು, ಏಕೆಂದರೆ 1,985 ಕೂಡ 2,200ಕ್ಕಿಂತ ಕೆಳಗೇ ಇದೆ. ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೆ.

ತೆರಿಗೆಗೆ ಮಾತ್ರ ಇದು ಗೋದಾಮಿನ ಲಾಭ, ಇದು ಗಲ್ಲಾದ ಲಾಭ ಎಂಬ ಭೇದವಿಲ್ಲ. ನೀವು 30 ಪರ್ಸೆಂಟ್ ಸ್ಲ್ಯಾಬಿನಲ್ಲಿದ್ದರೆ ಆ 92,500ಕ್ಕೆ ಸೆಸ್ ಸೇರಿ 28,860 ರೂಪಾಯಿ ಕಟ್ಟಬೇಕು. ಅದನ್ನು ಕಟ್ಟುವುದು ಭತ್ತದಲ್ಲಲ್ಲ, ದುಡ್ಡಿನಲ್ಲಿ.

ಈಗ ಎರಡನೆಯ ವರ್ಷಕ್ಕೆ ಬನ್ನಿ. ನಿಮ್ಮ ಮಗನ ಪಠ್ಯಪುಸ್ತಕದ ಲೆಕ್ಕ ಬಹುಶಃ ಒಂದೇ ವರ್ಷಕ್ಕೆ ಮುಗಿದಿರುತ್ತದೆ, ಅಸಲು ವಿಷಯ ಇರುವುದು ಅದರಾಚೆಗೆ. ಈ ವರ್ಷದ ಕ್ಲೋಸಿಂಗ್ ಸ್ಟಾಕೇ ಮುಂದಿನ ವರ್ಷದ ಓಪನಿಂಗ್ ಸ್ಟಾಕ್. ಫಿಫೋದವರು 10,85,000ರಿಂದ ಶುರು ಮಾಡುತ್ತಾರೆ, ಆವರೇಜ್‌ನವರು 9,92,500ರಿಂದ. ದರ ಇನ್ನೂ ಏರುತ್ತಲೇ ಇದೆ ಎನ್ನಿ: 500 ಚೀಲ 2,300ಕ್ಕೆ, 500 ಚೀಲ 2,400ಕ್ಕೆ, 500 ಚೀಲ 2,500ಕ್ಕೆ ಕೊಂಡಿರಿ, ಒಟ್ಟು 36,00,000. ಮತ್ತೆ 1,500 ಚೀಲ, ಸರಾಸರಿ 2,600ರಂತೆ 39,00,000ಕ್ಕೆ ಮಾರಿದಿರಿ. ಮತ್ತೆ 500 ಚೀಲ ಉಳಿಯಿತು.

ಫಿಫೋದಲ್ಲಿ ಉಳಿದದ್ದೆಲ್ಲ 2,500ರ ಮಾಲು, 12,50,000. ಲಾಭ 4,65,000. ಆವರೇಜ್‌ನಲ್ಲಿ ಚೀಲಕ್ಕೆ 2,296.25, ಉಳಿದ ಮಾಲು 11,48,125. ಲಾಭ 4,55,625. ಅಂತರ ಎಷ್ಟಾಯಿತು? 9,375.

ದರ ನಿಂತಿಲ್ಲ, ಏರುತ್ತಲೇ ಇದೆ. ಆದರೂ 92,500 ಇದ್ದದ್ದು 9,375ಕ್ಕೆ ಇಳಿಯಿತು. ಏಕೆಂದರೆ ಲಾಭದ ವ್ಯತ್ಯಾಸವೆಂದರೆ ವರ್ಷದ ಕೊನೆಯ ಸ್ಟಾಕಿನ ಅಂತರದಲ್ಲಿ ವರ್ಷದ ಮೊದಲಿನ ಅಂತರ ಕಳೆದು ಉಳಿದದ್ದು. ಕೊನೆಯ ಅಂತರ 1,01,875, ಮೊದಲಿನದು 92,500. ಕಳೆದರೆ 9,375. ಮುಂದೊಂದು ವರ್ಷ ಪೂರ್ತಿ ಮಾಲು ಖಾಲಿ ಮಾಡಿದಿರಿ ಎನ್ನಿ. ಆಗ ಕೊನೆಯ ಅಂತರ ಸೊನ್ನೆ, ಆ ವರ್ಷ ಫಿಫೋದ ಲಾಭ 1,01,875 ಕಡಿಮೆ ಬರುತ್ತದೆ. ಮೂರೂ ವರ್ಷ ಕೂಡಿಸಿ ನೋಡಿ, ಎರಡು ಪದ್ಧತಿಯ ಲಾಭವೂ ತಾಳೆಯಾಗುತ್ತದೆ. ಫಿಫೋ ಪ್ರತಿವರ್ಷ ದೊಡ್ಡ ಮೊತ್ತ ಹೆಚ್ಚು ತೋರಿಸುತ್ತಲೇ ಇರಬೇಕೆಂದರೆ ಉಳಿಕೆ ಚೀಲ ವರ್ಷದಿಂದ ವರ್ಷಕ್ಕೆ ಹೆಚ್ಚಬೇಕು, ಇಲ್ಲವೇ ದರದ ಏರಿಕೆಯೇ ವೇಗ ಹಿಡಿಯುತ್ತ ಹೋಗಬೇಕು.

ಹಾಗಾದರೆ ಮೊದಲ ವರ್ಷ 92,500 ಬಂದದ್ದು ಹೇಗೆ? ಎರಡೂ ಲೆಕ್ಕಕ್ಕೆ ನಾನು ಓಪನಿಂಗ್ ಸ್ಟಾಕ್ ಒಂದೇ, ಅದೇ 1,800, ಹಿಡಿದೆ. ನೀವು ಪದ್ಧತಿ ಬದಲಾಯಿಸುವ ವರ್ಷ ಆಗುವುದೂ ಇದೇ. ಹಿಂದಿನ ಮಾರ್ಚಿಗೆ ಆವರೇಜ್‌ನಲ್ಲಿ ಮುಚ್ಚಿದ ಬೆಲೆಯೇ ಏಪ್ರಿಲ್ಲಿಗೆ ಬರಬೇಕು, ಅದನ್ನು ತಿದ್ದುವ ಹಾಗಿಲ್ಲ. ಹೀಗಾಗಿ ಎರಡು ಪದ್ಧತಿಯ ನಡುವಿನ ಅಂತರ ಪೂರ್ತಿ ಬದಲಾಯಿಸಿದ ಆ ಒಂದು ವರ್ಷದ ಲಾಭಕ್ಕೇ ಬಂದು ಬೀಳುತ್ತದೆ, ತೆರಿಗೆಯೂ ಅದೇ ವರ್ಷ ಬೀಳುತ್ತದೆ.

ಆವರೇಜ್ ಎನ್ನುವುದರಲ್ಲೂ ಎರಡು ಬಗೆಯಿದೆ, ಮತ್ತು ನಿಮ್ಮ ಪ್ರಶ್ನೆಗೆ ಇದು ಮುಖ್ಯ. ಮೇಲೆ ಮಾಡಿದ್ದು ವರ್ಷದ ಕೊನೆಗೆ ಒಂದೇ ಸಲ ತೆಗೆದ ಸರಾಸರಿ. ಪ್ರತಿ ಖರೀದಿಯಾದಾಗಲೂ ಹೊಸದಾಗಿ ಸರಾಸರಿ ತೆಗೆಯುವುದು ಇನ್ನೊಂದು ಬಗೆ. ಅದೇ ಮೊದಲ ವರ್ಷವನ್ನು ಹಾಗೆ ಮಾಡಿ ನೋಡೋಣ. ಮೊದಲ ಖರೀದಿಯ ನಂತರ 1,000 ಚೀಲ, ಸರಾಸರಿ 1,860. ಅದರಲ್ಲಿ 700 ಹೋಗಿ 300 ಉಳಿಯಿತು, ಬೆಲೆ 5,58,000. ಅದಕ್ಕೆ 2,050ರ 600 ಚೀಲ ಸೇರಿ 900 ಚೀಲ, 17,88,000. ಇದರಲ್ಲಿ 600 ಹೋಗಿ ಉಳಿದ 300ರ ಬೆಲೆ 5,96,000. ಇದಕ್ಕೆ 2,200ರ 400 ಸೇರಿದಾಗ 700 ಚೀಲ, 14,76,000, ಸರಾಸರಿ 2,108.57. ಕೊನೆಯ 200 ಹೋದ ಮೇಲೆ ಉಳಿದ 500 ಚೀಲದ ಬೆಲೆ 10,54,286. ಲಾಭ 3,09,286.

ಫಿಫೋಗೂ ಇದಕ್ಕೂ ಇರುವ ಅಂತರ ಬರೀ 30,714. ಹಳೆಯ ಅಗ್ಗದ ಮಾಲು ಮಾರಾಟದ ಜೊತೆಗೇ ಹೊರಗೆ ಹೋಗುತ್ತಿರುವುದರಿಂದ ಕೊನೆಯ ಸರಾಸರಿ ಪೇಟೆ ದರದ ಹತ್ತಿರ ಇರುತ್ತದೆ. ವರ್ಷದ ಕೊನೆಯ ಒಂದೇ ಸರಾಸರಿಯಲ್ಲಿ ಹಾಗಲ್ಲ, ಜೂನ್‌ನಲ್ಲಿ ಮಾರಿದ ಚೀಲಕ್ಕೂ ಮಾರ್ಚ್‌ನಲ್ಲಿ ಕೊಂಡ ದರದ ಪಾಲು ತಗಲುತ್ತದೆ. ನಿಮ್ಮ ಲೆಕ್ಕದವರದು ಯಾವ ಬಗೆ ಎಂದು ತಿಳಿಯಲು ಕ್ಲೋಸಿಂಗ್ ಸ್ಟಾಕಿನ ಬೆಲೆಯನ್ನು ಚೀಲದ ಸಂಖ್ಯೆಗೆ ಭಾಗಿಸಿ. ಓಪನಿಂಗ್ ಮತ್ತು ಖರೀದಿ ಕೂಡಿಸಿ ಭಾಗಿಸಿದ ದರಕ್ಕೆ ಅದು ಸರಿಹೊಂದಿದರೆ ವರ್ಷದ ಸರಾಸರಿ. ಅದಕ್ಕಿಂತ ಮೇಲಿದ್ದು ಕೊನೆಯ ಖರೀದಿ ದರಕ್ಕಿಂತ ಕೆಳಗಿದ್ದರೆ ಹೆಚ್ಚಾಗಿ ಖರೀದಿವಾರು ಸರಾಸರಿ. ಎರಡಕ್ಕೂ ನಿಯಮದಲ್ಲಿ ಅವಕಾಶವಿದೆ, ಒಂದು ವರ್ಷ ಅದು, ಒಂದು ವರ್ಷ ಇದು ಮಾಡುವುದಕ್ಕಿಲ್ಲ.

ಟ್ಯಾಲಿಯಲ್ಲಿ ಇಟ್ಟಿದ್ದರೆ ಸ್ಟಾಕ್ ಐಟಂ ತೆರೆದು `Costing method` ಎಂಬಲ್ಲಿ ಏನಿದೆ ನೋಡಿ. ಕಾಣದಿದ್ದರೆ `F12` ಒತ್ತಿ ಅದನ್ನು ತೋರಿಸುವ ಆಯ್ಕೆ ಹಾಕಬೇಕು. ಯಾರೂ ಮುಟ್ಟದಿದ್ದರೆ ಅಲ್ಲಿ `Avg. Cost` ಇರುತ್ತದೆ. ಅದೇ ಪಟ್ಟಿಯಲ್ಲಿ ಲಿಫೋ ಕೂಡ ಸಿಗುತ್ತದೆ, ಕೊನೆಗೆ ಬಂದದ್ದು ಮೊದಲು ಹೋಯಿತು ಎಂದು ಹಿಡಿಯುವ ಪದ್ಧತಿ ಅದು. ದರ ಏರುವಾಗ ಲಾಭ ಎಲ್ಲಕ್ಕಿಂತ ಕಡಿಮೆ ಕಾಣುವುದರಿಂದ ಕೆಲವರಿಗೆ ಆಸೆ ಹುಟ್ಟುತ್ತದೆ. ನಮ್ಮ ಲೆಕ್ಕಮಾನಕ 2ರಲ್ಲಾಗಲಿ, ಆದಾಯ ತೆರಿಗೆಯ ಲೆಕ್ಕಕ್ಕೆಂದೇ ಇರುವ ಮಾನಕ ಐಸಿಡಿಎಸ್ 2ರಲ್ಲಾಗಲಿ ಅದಕ್ಕೆ ಜಾಗವಿಲ್ಲ. ಸಾಫ್ಟ್‌ವೇರ್‌ನಲ್ಲಿ ಆಯ್ಕೆ ಇದೆ ಎಂದ ಮಾತ್ರಕ್ಕೆ ನಡೆಯುತ್ತದೆ ಎಂದಲ್ಲ.

ಫಿಫೋ ಹಿಡಿಯಬೇಕಾದರೆ ಗೋದಾಮಿನಲ್ಲಿ ಹಳೆಯ ಚೀಲವೇ ಮೊದಲು ಹೊರಗೆ ಹೋಗಬೇಕಾ ಎಂದು ಕೇಳುವವರಿದ್ದಾರೆ. ಬೇಕಿಲ್ಲ. ಬಾಗಿಲ ಹತ್ತಿರದ ಲಾಟನ್ನೇ ಹಮಾಲರು ಮೊದಲು ಎತ್ತುವುದು, ಗೋಡೆಗೆ ಒತ್ತಿದ ಲಾಟು ಕೊನೆಗೆ. ಬೆಲೆಯ ಲೆಕ್ಕ ಅದನ್ನು ನೋಡಿ ನಡೆಯುವುದಿಲ್ಲ. ಆದರೆ ನಮ್ಮ ಭತ್ತದಲ್ಲಿ ಒಂದು ತೊಡಕಿದೆ. ಹಳೆಯ ಸೋನಾ ಮಸೂರಿಗೆ ಪೇಟೆಯಲ್ಲಿ ಬೇರೆ ದರ, ಹೊಸದಕ್ಕೆ ಬೇರೆ ದರ. ಆರ್‌ಎನ್‌ಆರ್‌ನ ದರವೇ ಇನ್ನೊಂದು. ಗಿರಾಕಿ ಒಂದರ ಬದಲು ಇನ್ನೊಂದನ್ನು ಒಪ್ಪದಿದ್ದಾಗ ಅವೆಲ್ಲವನ್ನೂ ‘ಭತ್ತ’ ಎಂಬ ಒಂದೇ ಐಟಮ್ಮಿಗೆ ಸುರಿದು ಆವರೇಜ್ ತೆಗೆದರೆ ಬರುವ ದರ ಯಾವ ಭತ್ತದ್ದೂ ಅಲ್ಲ. ಫಿಫೋ ಹಿಡಿದರೂ ಅಷ್ಟೇ, ಹೊಸದನ್ನು ಮಾರಿದ್ದಕ್ಕೆ ಹಳೆಯದರ ಅಸಲು ಅಂಟುತ್ತದೆ. ತಳಿವಾರು, ಹಳೆಯದು ಹೊಸದು ಎಂದು ಐಟಂ ಬೇರೆ ಮಾಡಿ, ಪದ್ಧತಿ ಯಾವುದಿರಲಿ. ನಿಮ್ಮಲ್ಲಿ ಇದು ಆಗಿಲ್ಲವಾದರೆ ಫಿಫೋ ಆವರೇಜ್ ಚರ್ಚೆಗಿಂತ ಮೊದಲು ಇದನ್ನೇ ಮಾಡಬೇಕು. ಒಣಗಿ ತೂಕ ಇಳಿಯುವ ಮಾಲಾದ್ದರಿಂದ ಮಾರ್ಚ್ 31ಕ್ಕೆ ಚೀಲ ಎಣಿಸಿದರಷ್ಟೇ ಸಾಲದು, ನಾಲ್ಕಾರು ಚೀಲ ಕಾಟಾಕ್ಕೆ ಹಾಕಿಯೂ ನೋಡಿ.

ದರ ತಿರುಗಿದಾಗ ಏನಾಗುತ್ತದೆ ಎಂಬುದನ್ನೂ ಹೇಳಲೇಬೇಕು, ಏಕೆಂದರೆ ತುಂಗಭದ್ರಾ ಕಾಲುವೆಯಲ್ಲಿ ಬೇಸಿಗೆ ಬೆಳೆಗೆ ನೀರು ಸಿಕ್ಕ ವರ್ಷ ಕೊಯ್ಲು ಬರುವುದು ನಿಮ್ಮ ಲೆಕ್ಕದ ವರ್ಷ ಮುಗಿಯುವ ಆಸುಪಾಸಿನಲ್ಲೇ. ಮಾರ್ಚ್ 31ಕ್ಕೆ ಉಳಿದ ಮಾಲನ್ನು ಅಸಲು ಬೆಲೆ, ಮಾರಿದರೆ ಖರ್ಚು ಕಳೆದು ಕೈಗೆ ಬರುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ಹಿಡಿಯಬೇಕು. ಮೊದಲ ವರ್ಷದ ಆ 500 ಚೀಲ ಫಿಫೋದಲ್ಲಿ ಚೀಲಕ್ಕೆ 2,170 ಬಿದ್ದಿವೆ. ವರ್ಷದ ಕೊನೆಗೆ ಪೇಟೆ 2,100ಕ್ಕೆ ಕುಸಿದು, ಮಾರುವ ಖರ್ಚು 40 ರೂಪಾಯಿ ಎಂದರೆ ಕೈಗೆ ಬರುವುದು 2,060. ಫಿಫೋದವರು ಚೀಲಕ್ಕೆ 110ರಂತೆ 55,000 ಇಳಿಸಬೇಕು. 1,985ರಲ್ಲಿ ಕೂತ ಆವರೇಜ್‌ನವರು ಒಂದು ಪೈಸೆಯನ್ನೂ ಇಳಿಸಬೇಕಾಗಿಲ್ಲ. 92,500 ಇದ್ದ ಅಂತರ ಅಲ್ಲಿಗೇ 37,500 ಆಯಿತು. ಫಿಫೋದ ಸ್ಟಾಕು ಯಾವಾಗಲೂ ಪೇಟೆಯ ದರಕ್ಕೆ ಅಂಟಿಕೊಂಡಿರುವುದರಿಂದ ಏರುವಾಗ ಮೊದಲು ಏರುತ್ತದೆ, ಬೀಳುವಾಗ ಮೊದಲು ಬೀಳುತ್ತದೆ.

ಬದಲಾಯಿಸಬಹುದಾ ಎಂದು ಕೇಳಿದ್ದೀರಿ. ಸಕಾರಣ ಇದ್ದರೆ ಬದಲಾಯಿಸಬಹುದು. ಲಾಭ ಹೆಚ್ಚು ಕಾಣುತ್ತದೆ ಎಂಬುದು ಸಕಾರಣವಲ್ಲ. ಲಾಟುವಾರು ಟ್ಯಾಗ್ ಹಾಕಿ, ಯಾವ ತಾರೀಖಿನ ಮಾಲು ಯಾವ ಮಿಲ್ಲಿಗೆ ಹೋಯಿತು ಎಂದು ಬರೆದಿಡುವ ವ್ಯವಸ್ಥೆ ಮಾಡಿದ್ದೀರಿ, ಇನ್ನು ಮೇಲೆ ಹಾಗೇ ನಡೆಯುತ್ತದೆ ಎಂದರೆ ಅದು ಕಾರಣ. ಬದಲಾಯಿಸಿದರೆ ಎಷ್ಟು ಲಾಭ ಬದಲಾಯಿತು ಎಂಬುದನ್ನು ಲೆಕ್ಕಪತ್ರದ ಟಿಪ್ಪಣಿಯಲ್ಲಿ ಮೊತ್ತದ ಸಮೇತ ತೋರಿಸಬೇಕು. ನಾಲ್ಕು ವರ್ಷದ ನಂತರ ದರ ಬಿತ್ತು ಎಂದು ಮತ್ತೆ ಆವರೇಜ್‌ಗೆ ಬರುತ್ತೇನೆ ಎಂದರೆ ಅಧಿಕಾರಿ ಒಪ್ಪುವುದು ಕಷ್ಟ. ಆಡಿಟ್ ಮಿತಿಗಿಂತ ಕೆಳಗಿರುವ ವ್ಯಕ್ತಿಗೆ ಮತ್ತು ಹಿಂದೂ ಅವಿಭಕ್ತ ಕುಟುಂಬಕ್ಕೆ ಐಸಿಡಿಎಸ್ ಅನ್ವಯಿಸುವುದಿಲ್ಲ, ಆದರೆ ಒಂದೇ ಪದ್ಧತಿಯನ್ನು ಬಿಡದೆ ನಡೆಸಬೇಕೆಂಬ ಅಪೇಕ್ಷೆ ಅವರಿಗೂ ತಪ್ಪಿದ್ದಲ್ಲ.

ಮಗನ ಮನಸ್ಸಿನಲ್ಲಿ ಬ್ಯಾಂಕಿನ ಸಿಸಿ ಲಿಮಿಟ್ ಇದ್ದಿರಬಹುದು. ಸ್ಟಾಕ್ ಬೆಲೆ 92,500 ಏರಿ, ಬ್ಯಾಂಕ್ 25 ಪರ್ಸೆಂಟ್ ಮಾರ್ಜಿನ್ ಇಟ್ಟುಕೊಂಡರೆ ತೆಗೆಯಬಹುದಾದ ಹಣ 69,375 ಹೆಚ್ಚುತ್ತದೆ, ಮಂಜೂರಾದ ಮಿತಿಯೊಳಗೆ. ಅದು ಬಡ್ಡಿ ಕಟ್ಟಬೇಕಾದ ಸಾಲ. ಅದಕ್ಕಿಂತ ಕೆಟ್ಟದ್ದು, ತಿಂಗಳ ಸ್ಟಾಕ್ ಸ್ಟೇಟ್‌ಮೆಂಟಿಗೆ ಫಿಫೋ ದರ, ಬ್ಯಾಲೆನ್ಸ್ ಶೀಟಿಗೆ ಆವರೇಜ್ ದರ ಹಾಕುವ ಚಾಳಿ. ಮಾರ್ಚ್ 31ರ ಎರಡು ಕಾಗದ ಪಕ್ಕಪಕ್ಕ ಇಟ್ಟ ದಿನ ಅದು ಸಿಕ್ಕಿಬೀಳುತ್ತದೆ, ಆಗ ಚೀಲದ ಸಂಖ್ಯೆ ಸರಿಯಿದ್ದರೂ ನಂಬುವವರಿರುವುದಿಲ್ಲ.

ಹಾಗಾಗಿ ಪುಸ್ತಕದಲ್ಲಿ ಆವರೇಜನ್ನೇ ಮುಂದುವರಿಸಿ. ಜೊತೆಗೆ ಪ್ರತಿ ತಿಂಗಳ ಕೊನೆಗೆ, ಲೆಕ್ಕದ ಪುಸ್ತಕದ ಹೊರಗೆ ಒಂದು ಹಾಳೆಯಲ್ಲಿ, ಆ ತಿಂಗಳು ಮಾರಿದ ಚೀಲವನ್ನು ಆ ದಿನದ ಖರೀದಿ ದರಕ್ಕೆ ಗುಣಿಸಿ ಮಾರಾಟದ ಹಣದಲ್ಲಿ ಕಳೆಯಿರಿ. ನಮ್ಮ ಕೊನೆಯ ಕಂತಿಗೆ ಅದು 200 ಚೀಲಕ್ಕೆ 150ರಂತೆ 30,000. ಬಾಡಿಗೆ, ಬಡ್ಡಿ, ಮನೆ ಖರ್ಚು ಇದರೊಳಗೆ ಹಿಡಿದರೆ ಮುಂದಿನ ಖರೀದಿಗೆ ಚೀಲ ಕಡಿಮೆಯಾಗುವುದಿಲ್ಲ. ಈ ಹಾಳೆ ಬರೆಯುವ ಕೆಲಸ ಮಗನಿಗೇ ಕೊಡಿ, ಫಿಫೋ ಲೆಕ್ಕ ಅಷ್ಟು ಸರಿಯಾಗಿ ಮಾಡಿದವರಿಗೆ ಇದು ಕಷ್ಟವಾಗದು.